ತಿರುಗಿಸದೆ ನಿಂತ ಬಸ್ಸು

ಶೂ ಕಾರ್ಖಾನೆಯ ಬಸ್ಸಿನಲ್ಲಿ ಆ ದಿನ ಇಪ್ಪತ್ತೆಂಟು ಹೆಂಗಸರಿದ್ದರು. ಸ್ಟಿಯರಿಂಗ್ ಹಿಂದೆ ಇದ್ದವನು ಆರು ವರ್ಷಗಳಿಂದ ಅದೇ ಬಸ್ಸನ್ನು ಅದೇ ದಾರಿಯಲ್ಲಿ ಓಡಿಸುತ್ತಿದ್ದವನು. ಎಲ್ಲರೂ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು. ಒಬ್ಬಳು ಮಾತ್ರ ಪುಟ್ಟ ಎನ್ನುತ್ತಿದ್ದಳು. ಅವಳು ಅವನ ಸ್ವಂತ ಅಕ್ಕ, ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಟ್ಟೆ ಅಂಟಿಸುವ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವಳು. ಎಷ್ಟು ಸೋಪು ಹಚ್ಚಿ ತೊಳೆದರೂ ಅವಳ ಬೆರಳುಗಳಿಂದ ಗೋಂದಿನ ವಾಸನೆ ಹೋಗುತ್ತಿರಲಿಲ್ಲ. ನಲವತ್ತೆರಡು ವಯಸ್ಸಿನ ತಮ್ಮನನ್ನು ಅಷ್ಟು ಜನರ ಮುಂದೆ ಪುಟ್ಟ ಅಂತ ಕರೆದರೆ ಅವನ ಕಿವಿ ಕೆಂಪಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಸ್ವಲ್ಪ ಜೋರಾಗಿ ಕರೆಯುತ್ತಿದ್ದಳು.

ಮೂರು ದಿನದಿಂದ ಬಿಡದೆ ಹೊಡೆದಿದ್ದ ಮಳೆ ಆ ಬೆಳಗ್ಗೆ ನಿಂತಿತ್ತು. ಮೋಡದ ನಡುವೆ ಒಂದಿಷ್ಟು ಬಿಸಿಲೂ ಇಣುಕಿತ್ತು. ಮಳೆ ನಿಂತಿತಲ್ಲ ಎಂದು ಎಲ್ಲರೂ ಗೆಲುವಾಗಿಯೇ ಹತ್ತಿದ್ದರು. ಆದರೆ ಮೇಲಿನ ಗುಡ್ಡಗಳಲ್ಲಿ ಬಿದ್ದ ನೀರು ಇಳಿದು ಬರಲು ಹೊತ್ತು ಹಿಡಿಯುತ್ತದೆ. ಕಾರ್ಖಾನೆಗೆ ಇನ್ನು ಆರು ಕಿಲೋಮೀಟರ್ ಇರುವಾಗ ರಸ್ತೆ ಇಳಿಜಾರಾಗಿ ಒಂದು ಹಳ್ಳವನ್ನು ದಾಟುತ್ತಿತ್ತು. ಅಲ್ಲಿದ್ದದ್ದು ತಗ್ಗಿನ ಸೇತುವೆ. ಅದಕ್ಕೆ ಕೈಪಿಡಿಗೋಡೆ ಇರಲಿಲ್ಲ. ಎರಡೂ ಅಂಚಿಗೆ ಸುಣ್ಣ ಬಳಿದ ಗುರುತುಕಲ್ಲುಗಳು ಮಾತ್ರ, ಒಂದೊಂದೂ ಒಂದೂವರೆ ಅಡಿ ಎತ್ತರ. ನೀರಿನ ಆಳ ತೋರಿಸಲು ಒಂದು ಕೆಂಪು ಬಿಳಿ ಪಟ್ಟಿಯ ಕಂಬವೂ ಇತ್ತು. ಹಿಂದಿನ ವರ್ಷ ಯಾವುದೋ ಲಾರಿ ಅದಕ್ಕೆ ಗುದ್ದಿ ಬೀಳಿಸಿದ ಮೇಲೆ ಯಾರೂ ಅದನ್ನು ಮತ್ತೆ ನಿಲ್ಲಿಸಿರಲಿಲ್ಲ.

ಇಳಿಜಾರಿನ ತುದಿಯಲ್ಲಿ ಅವನು ಬ್ರೇಕ್ ಒತ್ತಿದ. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಹಾಲು ಹಾಕಿದ ಚಹಾದ ಬಣ್ಣದ ನೀರು. ಗುರುತುಕಲ್ಲುಗಳು ಅರ್ಧ ಅಡಿಯಷ್ಟು ಮಾತ್ರ ಕಾಣುತ್ತಿದ್ದವು. ಒಂದೊಂದು ಕಲ್ಲಿನ ಹಿಂದೆಯೂ ನೀರು ಸೀಳಿಕೊಂಡು ಬಾಲದಂತೆ ಉದ್ದಕ್ಕೆ ಓಡುತ್ತಿತ್ತು.

ಅವನು ಎಂಜಿನ್ ಆರಿಸಿ ಕೈಬ್ರೇಕ್ ಎಳೆದ.

"ಯಾಕಣ್ಣ ನಿಲ್ಲಿಸಿದ್ದು?" ಎಂದು ಹಿಂದಿನಿಂದ ಮೈಕು ಕೇಳಿದಳು. ಹೊಲಿಗೆ ವಿಭಾಗದಲ್ಲಿ ಅರವತ್ತು ಮೆಷಿನ್ನು ಒಟ್ಟಿಗೆ ಓಡುವಾಗಲೂ ಅವಳ ದನಿ ಮೂಲೆಮೂಲೆಗೆ ಕೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು.

"ನೀರು ಹರೀತಿದೆ. ಹೋಗಕ್ಕಾಗಲ್ಲ."

"ಇಷ್ಟು ನೀರಿಗಾ? ಮೊಣಕಾಲುದ್ದಾನೂ ಇಲ್ವಲ್ಲ!"

"ಮೊಣಕಾಲುದ್ದ ಇದ್ರೆ ಸಾಕು."

ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತೇನೋ. ಆದರೆ ಎಲ್ಲರೂ ಎದ್ದು ಮುಂದಿನ ಗಾಜಿನತ್ತ ಬಂದು ಕತ್ತು ಚಾಚತೊಡಗಿದ್ದರಿಂದ ಅವನು ತಿಳಿಸಿ ಹೇಳಲು ನೋಡಿದ. ನಿಂತ ನೀರು ಬೇರೆ, ಹರಿಯುವ ನೀರು ಬೇರೆ ಎಂದ. ಓಡುವ ನೀರು ಅರ್ಧ ಅಡಿ ಇದ್ದರೆ ನಡೆಯುವವರ ಕಾಲು ಕೀಳುತ್ತದೆ. ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ. ಎರಡಡಿ ಇದ್ದರೆ ಜೀಪೂ ಇಲ್ಲ, ವ್ಯಾನೂ ಇಲ್ಲ.

"ಗಾಡಿ ಕಬ್ಬಿಣದ್ದು ಅಂದ ಮಾತ್ರಕ್ಕೆ ಮುಳುಗಲ್ಲ ಕಣ್ರಮ್ಮ. ಒಳಗೆ ಗಾಳಿ ತುಂಬಿರೋ ಡಬ್ಬಿ ಅದು. ಒಂದಡಿ ನೀರು ಏರಿದ್ರೆ ಏಳು ಕ್ವಿಂಟಲ್ ಭಾರ ಎತ್ತಿಬಿಡುತ್ತೆ. ಚಕ್ರಕ್ಕೆ ಹಿಡಿತ ತಪ್ಪಿತು ಅಂದ್ರೆ ಸ್ಟಿಯರಿಂಗು ನನ್ನ ಕೈಯಲ್ಲಿದ್ದೇನು, ನಿಮ್ಮ ಕೈಯಲ್ಲಿದ್ದೇನು. ಇದು ದೊಡ್ಡ ಬಸ್ಸು, ತೇಲದೇ ಇರಬಹುದು. ಆದ್ರೆ ಪಕ್ಕದಿಂದ ನೂಕೋದಕ್ಕೆ ಇಷ್ಟುದ್ದದ ಗೋಡೆ ಸಿಕ್ಕಂಗಾಗುತ್ತೆ ನೀರಿಗೆ. ಕೆಳಗೆ ಸೇತುವೆ ಇದೆಯೋ ಕಿತ್ಕೊಂಡು ಹೋಗಿದೆಯೋ ಅದೂ ಕಾಣ್ತಿಲ್ಲ."

ಇದನ್ನು ಅವನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ. ಈ ಕೆಲಸಕ್ಕೆ ಸೇರುವ ಮೊದಲು ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ. ಒಮ್ಮೆ ಚಕ್ರದ ಅರ್ಧವೂ ಮುಳುಗದ ನೀರಿನಲ್ಲಿ ಅದರ ಹಿಂಭಾಗ ಮೆಲ್ಲಗೆ, ಯಾರೋ ಕೈಹಿಡಿದು ಕರೆದ ಹಾಗೆ, ಪಕ್ಕಕ್ಕೆ ತಿರುಗಿತ್ತು. ಬ್ರೇಕ್ ಒತ್ತಿದರೂ ಸರಿ, ಒತ್ತದಿದ್ದರೂ ಸರಿ, ವ್ಯಾನು ತನ್ನ ಪಾಡಿಗೆ ತಾನು ಹೊರಟಿತ್ತು. ಒಂದು ವಿದ್ಯುತ್ ಕಂಬ ಅಡ್ಡ ಸಿಕ್ಕಿ ಅವನು ಬದುಕಿದ. ಆಮೇಲೆ ನೀರಿನ ಆಳ ಎಷ್ಟಿತ್ತು, ಯಾಕೆ ಹೀಗಾಯಿತು ಎಂದು ಒಬ್ಬ ಅಗ್ನಿಶಾಮಕ ದಳದವನು ನಿಧಾನವಾಗಿ ಬಿಡಿಸಿ ಹೇಳಿದ್ದ. ಆ ಮಾತುಗಳೇ ಇವು.

"ಮೇಲಿನ ಸೇತುವೆ ಕಡೆಯಿಂದ ಹೋಗೋಣ. ಇಪ್ಪತ್ತೆರಡು ಕಿಲೋಮೀಟರ್ ಸುತ್ತಾಗುತ್ತೆ. ಮುಕ್ಕಾಲು ಗಂಟೆ ತಡ" ಎಂದು ಹೇಳಿ ಅವನು ಮತ್ತೆ ಎಂಜಿನ್ ಶುರು ಮಾಡಿದ.

ಆಗ ಬಸ್ಸಿನಲ್ಲಿ ಗಲಾಟೆ ಎದ್ದಿತು. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಕಾರ್ಖಾನೆಯಲ್ಲಿ ಅರ್ಧ ದಿನದ ಹಾಜರಿ ಹೋಗುತ್ತಿತ್ತು. ಆ ತಿಂಗಳು ಮೂರು ಸಲ ತಡವಾದವರ ಹೆಸರನ್ನು ಗೇಟಿನ ಬಳಿ ಅಂಟಿಸುತ್ತೇವೆ ಎಂದು ಸೂಪರ್‌ವೈಸರ್ ಬೇರೆ ಹೇಳಿದ್ದ. ಮೈಕು ಬಾಗಿಲ ಮೆಟ್ಟಿಲ ಮೇಲೆ ನಿಂತು, "ಹಾಜರಿ ಹೋದ್ರೆ ನೀನು ಕೊಡ್ತೀಯಾ? ನಿಂಗೇನಪ್ಪ, ಬಸ್ಸು ನಿಂತ್ರೂ ಸಂಬಳ, ಓಡಿದ್ರೂ ಸಂಬಳ" ಎಂದಳು. ಮತ್ತೊಬ್ಬಳು, "ಮೊನ್ನೆ ಹಾಲಿನ ವ್ಯಾನು ಇದೇ ನೀರಲ್ಲಿ ಹೋಗಿತ್ತು, ನಾನೇ ನೋಡಿದೀನಿ" ಎಂದಳು. ಯಾರೋ ಹಿಂದಿನಿಂದ, "ಪುಟ್ಟನಿಗೆ ಭಯ ಕಣೇ" ಎಂದಾಗ ಬಸ್ಸೆಲ್ಲ ನಕ್ಕಿತು.

ಅಕ್ಕ ನಗಲಿಲ್ಲ. "ಅವನು ಸುಮ್ಸುಮ್ನೆ ಹೇಳಲ್ಲ. ಸುತ್ತಿ ಹೋಗೋಣ ಬಿಡ್ರೇ" ಎಂದಳು.

"ನಿಮ್ಮ ತಮ್ಮ ಅಲ್ವಾ, ನೀವು ಇನ್ನೇನು ಹೇಳ್ತೀರಾ" ಎಂದು ಯಾರೋ ಬಾಯಿ ಮುಚ್ಚಿಸಿದರು.

ಅಷ್ಟರಲ್ಲಿ ಮೈಕು ಸೂಪರ್‌ವೈಸರನಿಗೆ ಫೋನು ಹಚ್ಚಿಯಾಗಿತ್ತು. ಅವಳು ಎರಡು ನಿಮಿಷ ಮಾತಾಡಿ ಫೋನನ್ನು ಡ್ರೈವರಿನ ಕಿವಿಗೆ ಹಿಡಿದಳು.

"ಏನಯ್ಯಾ, ನೀರು ನೋಡ್ಕೊಂಡು ಕೂತಿದ್ದೀಯಂತೆ?" ಎಂದ ಸೂಪರ್‌ವೈಸರ್. "ಇವತ್ತು ಸಂಜೆ ಲೋಡು ಹೋಗಬೇಕು. ನೀನು ಸುತ್ತಿ ಬರೋವಷ್ಟರಲ್ಲಿ ಇಲ್ಲಿ ಲೈನು ಖಾಲಿ ಹೊಡೀತಿರುತ್ತೆ. ಬಸ್ಸು ಅಲ್ಲೇ ನಿಲ್ಲಿಸಿರು, ಅಲ್ಲಾಡಿಸಬೇಡ. ನಾನು ಜೀಪು ಕಳಿಸ್ತೀನಿ. ಎರಡು ಮೂರು ಟ್ರಿಪ್ಪಲ್ಲಿ ದಾಟಿಸಿಬಿಡ್ತಾನೆ."

"ಸರ್, ಜೀಪೂ ಬೇಡ ಸರ್. ನೀರು ಏರ್ತಿರೋ ಹಾಗಿದೆ. ನಾನು ಬಸ್ಸು ತಿರುಗಿಸ್ತೀನಿ—"

"ನಿನ್ನನ್ನ ಕೇಳಿದ್ನಾ ನಾನು? ನಿಲ್ಲಿಸಿರು ಅಂದ್ರೆ ನಿಲ್ಲಿಸಿರು."

ಫೋನು ಕಟ್ಟಾಯಿತು. ಅವನ ಕೈ ಗೇರಿನ ಮೇಲೇ ಇತ್ತು. ಹಿಂದೆ ಬಸ್ಸು ತಿರುಗಿಸಲು ಬೇಕಾದಷ್ಟು ಜಾಗವಿತ್ತು. ರಿವರ್ಸ್ ಹಾಕಿದರೆ ಮುಗಿಯಿತು. ಬೈಗುಳ ತಿನ್ನುವುದು ಅವನಿಗೆ ಹೊಸದಲ್ಲ. ಆದರೂ ಆ ಕೈ ಗೇರನ್ನು ತಳ್ಳಲಿಲ್ಲ. ಯಾಕೆ ತಳ್ಳಲಿಲ್ಲ ಎಂದು ಆಮೇಲೆ ಅವನು ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡ. ಮೇಲಿನವರು ಹೇಳಿದರು, ನಿಂತೆ. ಅಷ್ಟೇ. ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ.

ಅವನು ಕೆಳಗಿಳಿದು ನೀರಿನ ಅಂಚಿಗೆ ಹೋಗಿ ರಸ್ತೆಯ ಮೇಲೆ ಒಂದು ಕಲ್ಲಿಟ್ಟ. ಐದು ನಿಮಿಷದಲ್ಲಿ ನೀರು ಆ ಕಲ್ಲನ್ನು ಮುಟ್ಟಿತು. ಹತ್ತನೆಯ ನಿಮಿಷಕ್ಕೆ ಕಲ್ಲು ಮುಳುಗಿತು. ಅದನ್ನು ನೋಡಿದ್ದು ಅವನೊಬ್ಬನೇ ಅಲ್ಲ. ಅಕ್ಕನೂ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದಳು.

ಕಾರ್ಖಾನೆಯ ಜೀಪು ಆಚೆ ದಡದಲ್ಲಿ ಕಾಣಿಸಿಕೊಂಡಿತು. ಗಟ್ಟಿ ತಗಡಿನ ಮೈ, ಹಿಂದುಗಡೆ ಎದುರುಬದುರು ಎರಡು ಬೆಂಚು, ಹಿಂಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಅದನ್ನು ಓಡಿಸುತ್ತಿದ್ದವನು ಮ್ಯಾನೇಜರ ಮನೆಗೂ ಆಫೀಸಿಗೂ ಓಡಾಡುವವನು, ಯಾವಾಗಲೂ ಕಪ್ಪು ಕನ್ನಡಕ ಹಾಕಿಕೊಂಡಿರುವ ಆಸಾಮಿ. ಅವನು ಒಂದು ಕ್ಷಣವೂ ನಿಲ್ಲಿಸದೆ ನೀರಿಗಿಳಿಸಿದ. ಜೀಪು ಎರಡೂ ಕಡೆ ನೀರು ಚಿಮ್ಮಿಸುತ್ತಾ, ಒಂದೇ ಒಂದು ಕಡೆ ಸ್ವಲ್ಪ ಬಾಲ ಅಲ್ಲಾಡಿಸಿ, ಈಚೆ ದಡ ಹತ್ತಿತು. ಬಸ್ಸಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

"ಏನು ಗುರುವೇ, ಚಪ್ಪಲಿ ಒದ್ದೆಯಾಗುತ್ತೆ ಅಂತ ನಿಂತ್ಯಾ?" ಎಂದು ಜೀಪಿನವನು ಕಿಟಕಿಯಿಂದ ಕೇಳಿದ.

"ಬಾಲ ಜಾರಿದ್ದು ನಿಂಗೆ ಗೊತ್ತಾಗ್ಲಿಲ್ವಾ? ಖಾಲಿ ಇದ್ದಾಗ್ಲೇ ಹಾಗಾಯ್ತು. ವಾಪಸ್ ಬೇಡ. ಇಲ್ಲೇ ಇರು, ಎಲ್ರೂ ಸೇರಿ ಸುತ್ತಿ ಹೋಗೋಣ."

"ಜನ ತುಂಬಿದ್ರೆ ಭಾರ ಜಾಸ್ತಿ ಆಗುತ್ತೆ, ಇನ್ನೂ ಗಟ್ಟಿಯಾಗಿ ಕೂರುತ್ತೆ" ಎಂದ ಜೀಪಿನವನು. ಕೇಳಲು ಸರಿಯೆನಿಸುವ ಮಾತು. ಏಳು ಹೆಂಗಸರ ಭಾರವೆಂದರೆ ನಾಲ್ಕು ಕ್ವಿಂಟಲ್ಲೂ ಇಲ್ಲ, ನೀರು ಇನ್ನು ಅರ್ಧ ಅಡಿ ಏರಿದರೆ ಅಷ್ಟನ್ನು ಅನಾಮತ್ತಾಗಿ ಎತ್ತಿಬಿಡುತ್ತದೆ ಎಂದು ಡ್ರೈವರ್ ಹೇಳುವಷ್ಟರಲ್ಲಿ ಏಳು ಜನ ಹತ್ತಿಯಾಗಿತ್ತು. ಮೊದಲು ಹತ್ತಿದವಳು ಮೈಕು.

ಆ ಟ್ರಿಪ್ಪು ದಾಟಿತು. ಆಚೆ ದಡದಲ್ಲಿ ಅವರು ಇಳಿದು ಕೈಬೀಸಿದರು. ಮೈಕು ಏನೋ ಕೂಗಿದಳು. ನೀರಿನ ಸದ್ದಿನಲ್ಲಿ ಅವಳ ದನಿಯೂ ಕೇಳಿಸಲಿಲ್ಲ.

ಜೀಪು ಮತ್ತೆ ಈಚೆಗೆ ಬರುವಾಗ ಗುರುತುಕಲ್ಲುಗಳ ತುದಿ ಮಾತ್ರ ಕಾಣುತ್ತಿತ್ತು, ನಾಲ್ಕು ಬೆರಳಿನಷ್ಟು. ಎರಡನೆಯ ಸಲಕ್ಕೆ ಐದು ಜನ ಹತ್ತಿದರು. ಅವರಲ್ಲಿ ಒಬ್ಬಳು ಕಡ್ಡಿ, ಇಪ್ಪತ್ತೆರಡರ ತೆಳ್ಳನೆಯ ಹೆಣ್ಣು, ಅಕ್ಕನ ಮೇಜಿನ ಎದುರು ಕೂತು ಲೇಸಿನ ತೂತು ಹೊಡೆಯುವವಳು. "ಇನ್ನೊಬ್ರು ಬನ್ನಿ, ಜಾಗ ಇದೆ" ಎಂದು ಜೀಪಿನವನು ಕರೆದ.

ಅಕ್ಕ ಬಸ್ಸಿಗೆ ಹತ್ತಿ ತನ್ನ ಊಟದ ಡಬ್ಬಿ ತೆಗೆದುಕೊಂಡು ಬಂದಳು. ಡ್ರೈವರ್ ಅವಳ ತೋಳು ಹಿಡಿದ.

"ಕಲ್ಲು ಮುಳುಗಿದ್ದು ನೀನೂ ನೋಡಿದೆ ತಾನೆ?"

"ನೋಡಿದೆ ಕಣೋ."

"ಮತ್ತೆ?"

"ನೀನು ಹೇಳೋದು ಸರಿನೇ ಇರಬಹುದು. ಆದ್ರೆ ನಾಳೆ ಅವರ ಮಧ್ಯೆ ಕೂತು ಕೆಲಸ ಮಾಡಬೇಕಾಗಿರೋದು ನಾನು. ತಮ್ಮ ಬಸ್ಸು ನಿಲ್ಲಿಸಿದ, ಅಕ್ಕ ಸೀಟು ಬಿಟ್ಟು ಏಳಲಿಲ್ಲ ಅಂತ ವರ್ಷವಿಡೀ ಆಡ್ಕೋತಾರೆ. ಈ ತಿಂಗಳು ಆಗ್ಲೇ ಎರಡು ಸಲ ತಡ ಆಗಿದೆ, ಭಾವನ ಕಾಲಿಗೆ ಆಸ್ಪತ್ರೆ ಅಂತ. ಗೇಟಲ್ಲಿ ನನ್ನ ಹೆಸರು ಅಂಟಿಸಬೇಕಾ? ಒಂದು ನಿಮಿಷದ ದಾರಿ. ಬಿಡು."

ಅವನು ಬಿಟ್ಟ. ಅವಳ ತೋಳಿನ ಮೇಲೆ ಅವನ ಬೆರಳಿನ ಗುರುತು ಬಿಳಿಯಾಗಿ ಮೂಡಿತ್ತು. ಅಷ್ಟು ಗಟ್ಟಿಯಾಗಿ ಹಿಡಿದಿದ್ದ, ಆದರೂ ಬಿಟ್ಟ.

"ಕಿಟಕಿ ಇಳಿಸಿಟ್ಕೋ" ಎಂದು ಜೀಪಿನವನಿಗೆ ಹೇಳಿದ. "ಬೆಲ್ಟು ಹಾಕ್ಬೇಡ. ಏನಾದ್ರೂ ಆದ್ರೆ ಬಾಗಿಲು ತೆಗೆಯೋಕೆ ಹೋಗ್ಬೇಡ, ನೀರು ಒತ್ತಿ ಹಿಡಿದಿರುತ್ತೆ. ಕಿಟಕಿಯಿಂದ ಹೊರಗೆ ಬಂದು ಮೇಲೆ ಹತ್ತಿ."

"ಆಯ್ತು ಮೇಷ್ಟ್ರೇ" ಎಂದು ಜೀಪಿನವನು ನಕ್ಕ. ಆದರೆ ಕಿಟಕಿ ಇಳಿಸಿದ. ಅವನೂ ಆ ಹೊತ್ತಿಗೆ ನೀರನ್ನು ಸ್ವಲ್ಪ ಬೇರೆ ಥರ ನೋಡತೊಡಗಿದ್ದ.

ಸೇತುವೆಯ ನಡುವಿಗೆ ಬರುವ ತನಕ ಜೀಪು ನೆಟ್ಟಗೇ ಹೋಯಿತು. ಅಲ್ಲಿ ಅದರ ಹಿಂಭಾಗ ಪಕ್ಕಕ್ಕೆ ಸರಿಯಿತು. ಸದ್ದಿಲ್ಲ, ಅಬ್ಬರವಿಲ್ಲ. ಚಕ್ರಗಳು ತಿರುಗುತ್ತಲೇ ಇದ್ದವು, ಜೀಪು ಮುಂದಕ್ಕೆ ಹೋಗುವ ಬದಲು ಅಡ್ಡಡ್ಡ ಹೋಗುತ್ತಿತ್ತು. ಹಿಂದಿನ ಚಕ್ರ ಒಂದು ಗುರುತುಕಲ್ಲಿಗೆ ತಾಗಿ ಎರಡು ಕ್ಷಣ ನಿಂತಿತು. ಕಲ್ಲು ಬುಡಸಮೇತ ಹೊರಳಿತು. ಜೀಪು ಅಂಚಿನಿಂದ ಇಳಿದು, ಬೊಂಬೆಯಂತೆ ಒಮ್ಮೆ ತೇಲಿ, ಇಪ್ಪತ್ತು ಮೀಟರ್ ಕೆಳಗೆ ನೀರಿನ ನಡುವೆ ನಿಂತಿದ್ದ ಒಂದು ಮರಕ್ಕೆ ಮೂತಿ ಒತ್ತಿ ಸಿಕ್ಕಿಕೊಂಡಿತು.

ಬಸ್ಸಿನ ಬಳಿ ಉಳಿದಿದ್ದ ಹದಿನೈದು ಜನ ಒಟ್ಟಿಗೆ ಕಿರುಚಿದರು. ನಾಲ್ಕೈದು ಜನ ನೀರಿನತ್ತ ಓಡಿದರು. ಡ್ರೈವರ್ ಎರಡೂ ಕೈ ಚಾಚಿ ಅವರನ್ನು ತಡೆದ. "ಯಾರೂ ಇಳೀಬೇಡಿ! ನೀವು ಇಳಿದ್ರೆ ನಿಮ್ಮನ್ನ ಹುಡುಕೋದಕ್ಕೆ ಇನ್ನೊಬ್ರು ಇಳೀಬೇಕು! ಅಗ್ನಿಶಾಮಕದವರಿಗೆ ಫೋನು ಮಾಡಿ!" ಎಂದು ಕೂಗಿದ. ಕೂಗುತ್ತಲೇ ತಾನು ಎರಡು ಹೆಜ್ಜೆ ನೀರಿಗೆ ಇಟ್ಟಿದ್ದ. ಅಲ್ಲಿ ನೀರು ಕಣಕಾಲಿನಿಂದ ಒಂದು ಗೇಣು ಮೇಲೆ ಇತ್ತಷ್ಟೆ. ಮೂರನೆಯ ಹೆಜ್ಜೆಗೆ ಎತ್ತಿದ ಕಾಲನ್ನು ನೀರು ಕೆಳಗಿಡಲು ಬಿಡಲಿಲ್ಲ. ಕಸಿದುಕೊಂಡಂತೆ ಎಳೆಯಿತು. ಅವನು ಮೊಣಕಾಲೂರಿ ಬಿದ್ದು, ರಸ್ತೆಯನ್ನು ಉಗುರಿನಿಂದ ಪರಚುತ್ತಾ ಹಿಂದಕ್ಕೆ ಬಂದ.

ಹಿಂದಕ್ಕೆ ಬಂದದ್ದನ್ನು ಹದಿನೈದು ಜನವೂ ನೋಡಿದರು.

ಬಸ್ಸಿನಲ್ಲಿ ಕೆಟ್ಟು ನಿಂತ ಗಾಡಿ ಎಳೆಯುವ ಉದ್ದನೆಯ ಹಗ್ಗವಿತ್ತು. ಅದರ ಒಂದು ತುದಿಯನ್ನು ಬಸ್ಸಿನ ಮುಂದಿನ ಕೊಕ್ಕೆಗೆ ಕಟ್ಟಿ, ಇನ್ನೊಂದು ತುದಿಗೆ ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಕಟ್ಟಿ, ದಡದಗುಂಟ ಎಷ್ಟು ಸಾಧ್ಯವೋ ಅಷ್ಟು ಕೆಳಗೆ ಓಡಿ ಎಸೆದ. ಮೊದಲ ಸಲ ಮುಟ್ಟಲಿಲ್ಲ. ಎರಡನೆಯ ಸಲವೂ ಇಲ್ಲ.

ಜೀಪಿನವನು ಆ ಹೊತ್ತಿಗೆ ಕಿಟಕಿಯಿಂದ ಹೊರಬಂದು ಬಾನೆಟ್ ಏರಿ ಮರದ ಕೊಂಬೆ ಹಿಡಿದಿದ್ದ. ಕನ್ನಡಕ ಎಲ್ಲೋ ಹೋಗಿತ್ತು. ಅವನನ್ನು ಕುರಿತು ಒಂದು ಮಾತು ಹೇಳಲೇಬೇಕು: ಅವನು ತನ್ನ ಪ್ರಾಣ ಉಳಿಸಿಕೊಂಡು ಸುಮ್ಮನೆ ಕೂರಲಿಲ್ಲ. ಬಗ್ಗಿ ಕೈಕೊಟ್ಟು ಒಬ್ಬೊಬ್ಬರನ್ನೇ ಮುಂದಿನ ಕಿಟಕಿಯಿಂದ ಎಳೆದು ಕೊಂಬೆಗೆ ದಾಟಿಸಿದ. ಜೀಪಿನ ಹಿಂಭಾಗ ಕುಸಿಯುತ್ತಿತ್ತು, ನೀರು ಅಲ್ಲಿಂದಲೇ ತುಂಬುತ್ತಿತ್ತು. ಹಿಂದಿನ ಕಿಟಕಿಯ ಗಾಜು ಸರಿಯುವಂಥದ್ದಲ್ಲ. ಎಲ್ಲರೂ ಮುಂದಿನ ಸೀಟಿನ ಮೇಲಿಂದ ತೆವಳಿಕೊಂಡೇ ಬರಬೇಕು. ಒಳಗಿನಿಂದ ಯಾರೋ ಅವರನ್ನು ಒಬ್ಬರ ಹಿಂದೆ ಒಬ್ಬರಂತೆ ತಳ್ಳುತ್ತಿದ್ದರು. ಯಾರೆಂದು ಡ್ರೈವರಿಗೆ ದಡದಿಂದಲೇ ತಿಳಿಯಿತು. ಹತ್ತಿದಾಗ ಕೊನೆಯಲ್ಲಿ ಹತ್ತಿ ಹಿಂಬಾಗಿಲ ಬಳಿ ಕೂತವಳು ಅವಳೇ.

"ಅಕ್ಕಾ, ನೀನು ಬಾ! ಮೊದಲು ನೀನು ಬಾ!" ಎಂದು ಅವನು ಕೂಗುತ್ತಲೇ ಇದ್ದ.

ನಾಲ್ಕು ಜನ ಮರ ಸೇರಿದರು. ಐದನೆಯವಳಾಗಿ ಕಡ್ಡಿ ಸೊಂಟದವರೆಗೆ ಹೊರಬಂದಳು. ಅವಳ ಪಾದವನ್ನು ಒಳಗಿನಿಂದ ಎರಡು ಕೈಗಳು ಮೇಲಕ್ಕೆ ನೂಕಿದ್ದು ಕಾಣಿಸಿತು. ಅಷ್ಟೇ. ಜೀಪಿನ ಬಾಲ ಸುತ್ತಿಕೊಂಡು ತಿರುಗಿ, ಮೂತಿ ಮರವನ್ನು ಬಿಟ್ಟು, ಜೀಪು ಮಗ್ಗುಲಾಗಿ ಮಗುಚಿತು. ಕಡ್ಡಿ ನೀರಿಗೆ ಬಿದ್ದಳು. ಆ ಕ್ಷಣಕ್ಕೆ ಮೂರನೆಯ ಸಲ ಎಸೆದ ಕ್ಯಾನು ಅವಳೆದುರಿಗೆ ಹಾದುಹೋಯಿತು. ಅವಳು ಅದನ್ನು ಅಪ್ಪಿಕೊಂಡಳು. ಎಂಟು ಜನ ಹೆಂಗಸರು ದಡದಲ್ಲಿ ಹಗ್ಗ ಹಿಡಿದು ಅವಳನ್ನು ಎಳೆದು ತಂದರು.

ಜೀಪು ತಿರುವಿನಾಚೆ ಮರೆಯಾಯಿತು. ಅದರ ನಾಲ್ಕು ಚಕ್ರಗಳು ಮಾತ್ರ ಮೇಲಿದ್ದವು.

ನಲವತ್ತು ನಿಮಿಷದ ಮೇಲೆ ರಬ್ಬರ್ ದೋಣಿ ಬಂದು ಮರದ ಮೇಲಿದ್ದವರನ್ನು ಇಳಿಸಿತು. ಮಧ್ಯಾಹ್ನ ಎರಡಕ್ಕೆ, ಒಂದೂವರೆ ಕಿಲೋಮೀಟರ್ ಕೆಳಗೆ ಜೀಪು ಸಿಕ್ಕಿತು. ಅಕ್ಕ ಒಳಗೇ ಇದ್ದಳು. ಆ ಹೊತ್ತಿಗೆ ನೀರು ಇಳಿಯತೊಡಗಿತ್ತು. ಸಂಜೆ ನಾಲ್ಕಕ್ಕೆ ಸೇತುವೆಯ ಮೇಲೆ ಬರೀ ಕೆಸರು ಉಳಿದಿತ್ತು. ಸೈಕಲ್ಲುಗಳು ಹೋಗುತ್ತಿದ್ದವು.

ಮೂರನೆಯ ದಿನ ಭಾವ ಅವನನ್ನು ಒಳಗೆ ಕರೆದ. ಭಾವ ಮರದ ಮಿಲ್ಲಿನಲ್ಲಿ ಕಾವಲುಗಾರ. ಊದಿಕೊಂಡ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಎಷ್ಟಿತ್ತು ನೀರು?" ಎಂದ ಭಾವ.

"ಸೇತುವೆ ಮೇಲೆ ಒಂದೂಕಾಲು ಅಡಿ ಭಾವ. ಸ್ವಲ್ಪ ಹೆಚ್ಚೇ ಇದ್ದಿರಬಹುದು."

ಭಾವ ಬಗ್ಗಿ ನೆಲದಿಂದ ಅಳೆಯುವವನಂತೆ ತನ್ನ ಒಳ್ಳೆಯ ಕಾಲಿನ ಮೇಲೆ ಕೈ ಏರಿಸಿದ. ಮೊಣಕಾಲಿನ ಕೆಳಗೇ ಕೈ ನಿಂತಿತು.

"ಇಷ್ಟಕ್ಕೆ?"

"ಇಷ್ಟಕ್ಕೆ ಭಾವ."

"ಇಷ್ಟು ನೀರಲ್ಲಿ ನನ್ನ ಹೆಂಡತಿ ಹೋಗ್ತಿದ್ರೆ, ನೀನು ದಡದಲ್ಲಿ ನಿಂತು ನೋಡ್ತಿದ್ದೆ."

ಅವನು ನೀರಿನ ಸೆಳೆತದ ಬಗ್ಗೆ ಹೇಳಲು ಬಾಯಿ ತೆರೆದ. ತನ್ನ ಕಾಲು ಕಿತ್ತದ್ದನ್ನು, ತಾನೂ ಹೋಗಿದ್ದರೆ ಹಗ್ಗ ಎಸೆಯುವವರಿರಲಿಲ್ಲ ಎಂಬುದನ್ನು, ಆ ಹಗ್ಗದಿಂದಲೇ ಒಬ್ಬಳು ಉಳಿದದ್ದನ್ನು ಹೇಳಬಹುದಿತ್ತು. ಎಲ್ಲವೂ ನಿಜ. ಅವನು ತಲೆ ತಗ್ಗಿಸಿ ಹೊರಗೆ ಬಂದ.

ಮುಂದಿನ ವಾರ ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಗಾಜಿನ ಲೋಟಗಳಲ್ಲಿ ನೀರು, ಮೂರು ಜನ ಅಧಿಕಾರಿಗಳು. ಸೂಪರ್‌ವೈಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಸುತ್ತಿ ಬಾ ಅಂತಲೇ ನಾನು ಹೇಳಿದ್ದು. ಜೀಪು ಕಳಿಸಿದ್ದು ಬರೀ ಸಹಾಯಕ್ಕೆ ಅಂತ. ಜೀಪಲ್ಲಿ ಜನರನ್ನ ದಾಟಿಸು ಅಂತ ನಾನ್ಯಾಕೆ ಹೇಳ್ಲಿ?" ಎಂದ.

"ಸರ್, ಬಸ್ಸು ಅಲ್ಲಾಡಿಸಬೇಡ ಅಂತ ನೀವೇ ಹೇಳಿದ್ರಿ. ಫೋನು ಅವರದು" ಎಂದು ಡ್ರೈವರ್ ಮೈಕಿನತ್ತ ಕೈತೋರಿದ.

ಮೈಕನ್ನು ಕೇಳಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಫೋನು ನಂದೇ ಸಾರ್. ಏನು ಮಾತಾಡಿದ್ರು ಅಂತ ನಂಗೆ ಕೇಳಿಸ್ಲಿಲ್ಲ. ಬಸ್ಸಲ್ಲಿ ಗಲಾಟೆ ಇತ್ತು" ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಅಧಿಕಾರಿ ಜೋರಾಗಿ ಹೇಳಿ ಎಂದು ಎರಡು ಸಲ ಕೇಳಬೇಕಾಯಿತು.

ಮತ್ತಿನ್ನಾರಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಯಾರೂ ಏಳಲಿಲ್ಲ. ಕಡ್ಡಿ ಮಾತ್ರ ಎದ್ದಳು. ಎದ್ದು ನಿಂತು ಅಳತೊಡಗಿದಳು, ಅಳು ನಿಲ್ಲದೆ ಅವಳನ್ನು ಹೊರಗೆ ಕರೆದುಕೊಂಡು ಹೋದರು.

ಕೊನೆಗೆ ನಡುವೆ ಕೂತಿದ್ದ ಅಧಿಕಾರಿ ಕೇಳಿದ: "ನಿನಗೆ ಅಪಾಯ ಗೊತ್ತಿತ್ತು ಅಂತ ನೀನೇ ಹೇಳ್ತಿದ್ದೀಯ. ಇಷ್ಟಡಿಗೆ ಇಷ್ಟು ಭಾರ ಅಂತ ಲೆಕ್ಕ ಕೂಡ ಹೇಳ್ತೀಯ. ಅಷ್ಟು ಗೊತ್ತಿದ್ದವನು ಜನರನ್ನ ಯಾಕೆ ಇಳಿಯೋಕೆ ಬಿಟ್ಟೆ? ಗೊತ್ತಿಲ್ಲದವನು ಮಾಡಿದ್ರೆ ಅದು ಬೇರೆ."

ಪ್ರಯಾಣಿಕರನ್ನು ಹತೋಟಿಯಲ್ಲಿಡಲಿಲ್ಲ ಎಂದು ಅವನಿಗೆ ಹದಿನೈದು ದಿನ ಅಮಾನತು ಆಯಿತು. ನಾಲ್ವರನ್ನು ಉಳಿಸಿದ್ದಕ್ಕೆ ಜೀಪಿನವನಿಗೆ ಚೌಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಅವನು ಮನೆಗೆ ಒಯ್ಯದೆ ಗ್ಯಾರೇಜಿನ ಕಪಾಟಿನ ಹಿಂದೆ ಇಟ್ಟನಂತೆ. ಒಂದು ದಿನ ಡ್ರೈವರ್ ಎದುರಿಗೆ ಸಿಕ್ಕಾಗ ನಿಂತು, "ಎರಡನೇ ಟ್ರಿಪ್ಪಿಗೆ ನೀರು ನೋಡಿ ನಂಗೂ ಬೇಡ ಅನ್ನಿಸ್ತು ಗುರುವೇ. ಆದ್ರೆ ಮೊದಲನೇದು ದಾಟಿಬಿಟ್ಟಿತ್ತಲ್ಲ. ಎಲ್ರೂ ನೋಡ್ತಿದ್ರಲ್ಲ" ಎಂದ. ಡ್ರೈವರ್ ಅವನನ್ನು ದಾಟಿ ನಡೆದ.

ಅಕ್ಕನ ಕೆಲಸವನ್ನು ಅವಳ ಮಗಳಿಗೆ ಕೊಟ್ಟರು. ಅದೇ ವಿಭಾಗ, ಅದೇ ಮೇಜು. ಅಮಾನತು ಮುಗಿಸಿ ಡ್ರೈವರ್ ಮತ್ತೆ ಬಸ್ಸು ಹತ್ತಿದ ದಿನ ಅವಳೂ ಹತ್ತಿದಳು. ತಾಯಿ ಕೂರುತ್ತಿದ್ದ ಎರಡನೆಯ ಸಾಲು ಬಿಟ್ಟು ತೀರಾ ಹಿಂದೆ ಹೋಗಿ ಕೂತಳು. ಚಿಕ್ಕವಳಿದ್ದಾಗ ಅವನ ಹೆಗಲಿನಿಂದ ಇಳಿಯದ ಹುಡುಗಿ ಈಗ ಅವನ ಕಡೆ ನೋಡುತ್ತಲೂ ಇರಲಿಲ್ಲ. ಬೆಳಗ್ಗೆ ಹತ್ತುವಳು, ಸಂಜೆ ಇಳಿಯುವಳು. ಬಸ್ಸಿನಲ್ಲಿ ಈಗ ನಗುವೂ ಕಮ್ಮಿ, ಜಗಳವೂ ಕಮ್ಮಿ. ಅವನನ್ನು ಯಾರೂ ಡ್ರೈವರಣ್ಣ ಎಂದೂ ಕರೆಯುತ್ತಿರಲಿಲ್ಲ. ಕರೆಯುವ ಸಂದರ್ಭ ಬಾರದಂತೆ ನೋಡಿಕೊಳ್ಳುತ್ತಿದ್ದರು.

ಎರಡು ತಿಂಗಳ ಮೇಲೆ ಮಳೆಗಾಲದ ಕೊನೆಯ ಮಳೆ ಜೋರಾಗಿ ಹಿಡಿಯಿತು. ಅಂದು ಬೆಳಗ್ಗೆ ಇಳಿಜಾರಿನ ತುದಿಗೆ ಬಂದಾಗ ಸೇತುವೆಯ ಮೇಲೆ ಮತ್ತೆ ನೀರು. ಹೋದ ಸಲದಷ್ಟಿಲ್ಲ, ಒಂದು ಗೇಣು ಇದ್ದಿರಬಹುದು. ಅವನು ಎಂಜಿನ್ ಆರಿಸಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಯಾರಿಗೂ ಫೋನು ಮಾಡಲೂ ಇಲ್ಲ. ರಿವರ್ಸ್ ಹಾಕಿ, ಬಸ್ಸನ್ನು ತಿರುಗಿಸಿ, ಮೇಲಿನ ಸೇತುವೆಯ ದಾರಿ ಹಿಡಿದ. ಹಿಂದೆ ಯಾರೋ ನಿಟ್ಟುಸಿರುಬಿಟ್ಟರು, ಹಾಜರಿ ಹೋಯಿತೆಂದೋ ಬದುಕಿದೆವೆಂದೋ ತಿಳಿಯಲಿಲ್ಲ. ಮೈಕು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಮುಕ್ಕಾಲು ಗಂಟೆ ತಡವಾಯಿತು. ಗೇಟಿನಲ್ಲಿ ಕಾವಲುಗಾರ ಎಲ್ಲರ ಹೆಸರೂ ಬರೆದುಕೊಂಡ.

ಎಲ್ಲರೂ ಇಳಿದು ಹೋದ ಮೇಲೆ ಅಕ್ಕನ ಮಗಳು ಬಸ್ಸಿನ ಬಾಗಿಲಲ್ಲಿ ನಿಂತಳು. ಎರಡು ತಿಂಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

"ಮಾವ, ಇವತ್ತು ಎಷ್ಟು ಹೊತ್ತು ಹಿಡೀತು ತಿರುಗಿಸೋದಕ್ಕೆ?"

"ಒಂದು ನಿಮಿಷ" ಎಂದ ಅವನು.

"ಅವತ್ತು ಯಾಕೆ ತಿರುಗಿಸ್ಲಿಲ್ಲ?"

ಅವಳು ಉತ್ತರಕ್ಕಾಗಿ ಕಾದಳು. ಜಗಳಕ್ಕೆ ಕೇಳಿದವಳಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದವಳು. ಅವನ ಕೈ ಗೇರಿನ ಮೇಲಿತ್ತು. ಸೂಪರ್‌ವೈಸರ್ ಹೇಳಿದ್ದನ್ನು ಹೇಳಬಹುದಿತ್ತು, ಆದರೆ ಇವತ್ತು ಯಾರ ಮಾತನ್ನೂ ಕೇಳದೆ ತಿರುಗಿಸಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಕಾರ್ಖಾನೆಯೊಳಗೆ ಸೈರನ್ ಕೂಗಿತು. ಅವಳು ಇಳಿದು ಗೇಟಿನತ್ತ ನಡೆದಳು.